ಸಿದ್ದಾಜಮ್ಮನ ಮಾತು, ಧರ್ಮಲಿಂಗಂ ಬರೆದ ಅರ್ಜಿ

ಬರೆದವನೇ ಓದಿ ಹೇಳಿದರೆ ಅರ್ಜಿ ಯಾವತ್ತೂ ಸರಿಯಾಗಿಯೇ ಇರುತ್ತದೆ. ತನ್ನ ಮೊಸರು ಹುಳಿ ಎಂದು ಯಾವ ಗೊಲ್ಲತಿ ಹೇಳಿಯಾಳು? ಗೂಡಲೂರಿನ ತಾಲ್ಲೂಕು ಕಚೇರಿಯ ಎದುರು ಕೂರುವ ಅರ್ಜಿ ಬರಹಗಾರ ಧರ್ಮಲಿಂಗಂ, ತಾನು ಇಂಗ್ಲಿಷಿನಲ್ಲಿ ಬರೆದದ್ದು ಇದೇ ಎಂದು ಕನ್ನಡದಲ್ಲಿ ಗಡಗಡನೆ ಒಪ್ಪಿಸಿದ. ಮಸಿನಗುಡಿಯ ಸಿದ್ದಾಜಮ್ಮ ತಾನು ಹೇಳಿದ್ದೇ ಬಂತೆಂದು ತಲೆಯಾಡಿಸಿದಳು, ಹೆಬ್ಬೆಟ್ಟು ಮಾತ್ರ ಒತ್ತಲಿಲ್ಲ.

ಅವಳ ಊರಿನ ಹನ್ನೆರಡು ಮನೆಯ ಎಮ್ಮೆಗಳು ಮೇಯುವ ಮೇಲಿನ ಬಯಲಿಗೆ ಒಬ್ಬ ತೋಟದ ದೊರೆ ಬೇಲಿ ಹಾಕಿಸಿದ್ದ. ಕೆಳಗಿನ ಬಯಲು ಹದಿನೈದು ವರ್ಷದ ಹಿಂದೆಯೇ ಹೀಗೆ ಹೋಗಿತ್ತು. ಆಗ ಕಲೆಕ್ಟರ್ ದೊರೆಗೆ ಅರ್ಜಿ ಹಾಕಿದವನು ಅವಳ ಅಪ್ಪ. ಅರ್ಜಿ ವಜಾ ಆಯಿತು. "ದೊರೆ ನನ್ನ ಮಾತು ಕೇಳ್ನೇ ಇಲ್ಲ" ಎನ್ನುತ್ತಲೇ ಆತ ಕಣ್ಣು ಮುಚ್ಚಿದ. ಇದೂ ಹೋದರೆ ಎಮ್ಮೆ ಮಾರಿ ಕೂಲಿಗೆ ಹೋಗಬೇಕು.

ಅಪ್ಪ ಒಂದು ಪಾಠ ಕಲಿಸಿದ್ದ. ಬೀಗರ ಊರಿಗೆ ಮಾತು ಕಳಿಸುವಾಗ, ಹೊರಟವನು ಅದನ್ನು ಏನೂ ತಿಳಿಯದ ಮತ್ತೊಬ್ಬನಿಗೆ ಹೇಳಬೇಕು. ಆ ಮತ್ತೊಬ್ಬ ಬಂದು ಅಪ್ಪನಿಗೆ ತಿರುಗಿ ಹೇಳಬೇಕು. ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಸಿದ್ದಾಜಮ್ಮ ಕಾಗದ ಹಿಡಿದು ಜವಳಿ ಅಂಗಡಿಯ ಗುರುಮಲ್ಲಪ್ಪನ ಹತ್ತಿರ ನಡೆದಳು. ಆತ ಮೈಸೂರಿನಲ್ಲಿ ಇಂಗ್ಲಿಷು ಓದಿದವನು.

"ಇದ್ರಾಗೇನದೆ, ಇದ್ದಂಗೇ ಕನ್ನಡದಾಗ ಹೇಳಪ್ಪ. ಚೆಂದ ಮಾಡ್ಬ್ಯಾಡ."

"ನೀನೇನು ಬರೆಸ್ದೆ ಅಂತ ಮೊದ್ಲು ಹೇಳವ್ವ."

"ಅದ ಹೇಳ್ಬುಟ್ರೆ ನೀನು ಅದ್ನೇ ಓದ್ತೀಯ. ಹೇಳಾಕಿಲ್ಲ."

ಗುರುಮಲ್ಲಪ್ಪ ನಗುತ್ತ ಕನ್ನಡಕ ಏರಿಸಿದ. ಹನ್ನೆರಡು ಮನೆ, ಸರಿ. ಬಯಲಿನ ಹೆಸರು, ಸರಿ. "ಅರವತ್ತು ದನ" ಎಂದಾಗ ಸಿದ್ದಾಜಮ್ಮ ತಡೆದಳು.

"ನಾನಂದಿದ್ದು ಎಮ್ಮೆ. ತಪ್ಪು ಕಾಗದದ್ದಾ, ನಿನ್ ಬಾಯಿದಾ?"

ಆತ ಮತ್ತೆ ನೋಡಿದ. "ನಂದೇ ಕಣವ್ವ. ಎಮ್ಮೆ ಅಂತ್ಲೇ ಅದೆ."

ಮುಂದಿನ ಸಾಲಿಗೆ ಆತನ ನಗು ಆರಿತು. "ಅರಿವಿಲ್ಲದ ಬಡ ದಾಸರಾದ ನಾವು ತೋಟದ ದೊರೆಗಳ ಬಯಲಿಗೆ ಅತಿಕ್ರಮವಾಗಿ ನುಗ್ಗಿದ ತಪ್ಪನ್ನು ಮನ್ನಿಸಿ, ಧರ್ಮಕ್ಕೆಂದು ಸ್ವಲ್ಪ ಜಾಗ ಬಿಡಿಸಿಕೊಡಬೇಕಾಗಿ ತಮ್ಮ ಪಾದ ಹಿಡಿದು ಬೇಡುತ್ತೇವೆ."

ಸಿದ್ದಾಜಮ್ಮ ಆ ಸಾಲನ್ನು ಎರಡು ಸಲ ನೋಡಿಸಿದಳು. ಈ ಸಲ ತಪ್ಪು ಬಾಯಿಯದಲ್ಲ. ಅವಳು ಬರೆಸಿದ್ದು ಇಷ್ಟು: ನಮ್ಮ ತಾತನ ಕಾಲದಿಂದ ಮೇಯಿಸಿದ ಬಯಲು ಇದು, ನಮ್ಮನ್ನು ಕೇಳದೆ ಬೇಲಿ ಹಾಕಿದ್ದು ಯಾವ ನ್ಯಾಯ, ದಯವಿಟ್ಟು ಬಂದು ವಿಚಾರಿಸಿ. ಲೆಕ್ಕ, ಹೆಸರು, ಗಡಿ ಎಲ್ಲ ನೆಟ್ಟಗಿವೆ, ಹಕ್ಕು ಕೇಳಿದವಳು ಮಾತ್ರ ಕಳ್ಳಿಯಾಗಿದ್ದಾಳೆ! ಕೆಳಗೆ ಹನ್ನೆರಡು ಮನೆಯ ಹೆಬ್ಬೆಟ್ಟು ಬಿದ್ದರೆ, ತಪ್ಪೊಪ್ಪಿಕೊಂಡವರ ಬಯಲನ್ನು ಯಾವ ಕಲೆಕ್ಟರು ಬಿಡಿಸಿಕೊಟ್ಟಾನು? ಅವಳು ಕಾಗದ ಕಿತ್ತುಕೊಂಡು ಧರ್ಮಲಿಂಗಂ ಹತ್ತಿರ ಬಿರಬಿರನೆ ವಾಪಸು ನಡೆದಳು.

ಕಚೇರಿಯ ಎದುರು ಜನ ತಿರುಗಿ ನೋಡುವಂತೆ ಕೂಗಿದಳು. "ನಾವೇನ್ ಕಳ್ರೇನಯ್ಯಾ? ಯಾವ್ ಬಾಯಿಂದ ಕೇಳಿಸ್ಕಂಡೆ ಈ ಮಾತ?"

ಧರ್ಮಲಿಂಗಂಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. "ಕೂಗಬೇಡಮ್ಮಾ. ದೊರೆಗಳಿಗೆ ಹೀಗೇ ಬರೀಬೇಕು, ತಗ್ಗಿದ್ರೇನೇ ಮನಸ್ಸು ಕರಗೋದು. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಇದೇ ಬರೆದಿದ್ದೀನಿ. ನಿಮ್ಮಪ್ಪನಿಗೂ ನಾನೇ ಬರೆದದ್ದು, ಇದೇ ಮಾತು. ಅವರು ನಿನ್ನ ಹಾಗೆ ತಕರಾರು ಮಾಡಲಿಲ್ಲ."

ಬಾಯಿಮಾತನ್ನು ಅಷ್ಟೊಂದು ಪರೀಕ್ಷೆ ಮಾಡುತ್ತಿದ್ದ ಅಪ್ಪ, ಕಾಗದ ಸುಳ್ಳು ಹೇಳುವುದಿಲ್ಲವೆಂದು ನಂಬಿ ಹೆಬ್ಬೆಟ್ಟು ಒತ್ತಿದ್ದ. ಸಾಯುವವರೆಗೂ ದೊರೆಯನ್ನೇ ಬೈದ. ಅವನ ಮಾತು ಆ ದೊರೆಯ ಕಿವಿಗೆ ಬಿದ್ದೇ ಇರಲಿಲ್ಲ. ಈ ಮನುಷ್ಯ ಅವನನ್ನು ಕಳ್ಳನೆಂದು ಬರೆದು, ಸಹಾಯ ಮಾಡಿದೆನೆಂದು ಹಾಯಾಗಿ ವೀಳ್ಯ ಜಗಿಯುತ್ತ ಕೂತಿದ್ದ. ಥೂ!

ಅವಳು ಆ ಕಾಗದವನ್ನು ಅವನ ಮುಂದೆಯೇ ಹರಿದಳು. ಹೊಸ ಅರ್ಜಿಯನ್ನು ಗುರುಮಲ್ಲಪ್ಪ ಬರೆದ, ಸಿದ್ದಾಜಮ್ಮ ಒಂದೊಂದೇ ಮಾತು ಹೇಳಿದಳು. ಮುಗಿದ ಮೇಲೆ ಆತ ಓದಲು ಹೊರಟಾಗ ಕೈ ಅಡ್ಡ ಹಿಡಿದಳು.

"ಬ್ಯಾಡಪ್ಪ, ಈಗ ನಿಂಗೂ ಗೊತ್ತದೆ. ಗೊತ್ತಿಲ್ದೋರು ಓದ್ಲಿ."

ಅಂಚೆ ಕಚೇರಿಯ ರಾಜೇಂದ್ರನ್ ಅವಳನ್ನು ಎಂದೂ ಕಂಡವನಲ್ಲ. ಕಾಗದ ಹಿಡಿದು ತನ್ನ ಅರೆಬರೆ ಕನ್ನಡದಲ್ಲಿ ತಡವರಿಸುತ್ತ ಹೇಳತೊಡಗಿದ. ತಾತನ ಕಾಲ ಬಂತು, ನ್ಯಾಯ ಬಂತು. "ದಯವಿಟ್ಟು" ಕೂಡ ಬಂತು. ಅದು ಅವಳೇ ಹೇಳಿದ್ದು, ಇರಲಿ. ಮರ್ಯಾದೆ ಕೊಡುವುದಕ್ಕೆ ಅವಳೇನೂ ಬಡವಳಲ್ಲ.

ಕೊನೆಯ ಸಾಲಿಗೆ ರಾಜೇಂದ್ರನ್ ನಿಂತ. "ಇದು ಸರಿಯಾ ಅಮ್ಮಾ? ಇಲ್ಲಿ ಇರೋದು... ಹದಿನೈದು ವರ್ಷದ ಮುಂಚೆ ಕೂಡ ನನ್ನ ಅಪ್ಪ ಕ್ಷಮೆ ಕೇಳಲಿಲ್ಲ. ಅವರು ನ್ಯಾಯ ಕೇಳಿದರು."

"ಸರಿಯಾಗೇ ಅದೆ" ಎಂದಳು ಸಿದ್ದಾಜಮ್ಮ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಸಿಗೆ ಹೆಬ್ಬೆರಳು ಅದ್ದಿದಳು.