ಕೊಕ್ಕರೆ ಗುರುತಿನ ಹಲಗೆ

ಈ ಬೀದಿಯಲ್ಲಿ ನನಗೆ ಫೋಟೋ ಅಕ್ಕ ಅಂತಲೇ ಹೆಸರು. ಸ್ಟುಡಿಯೋ ಇಟ್ಟಿದ್ದೇನೆಂದು ತಿಳಿದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿಕೊಳ್ಳಲು ಬಂದ ಪುಣ್ಯಾತ್ಮರೂ ಇದ್ದಾರೆ. ನಾನು ಕೂರುವುದು ಪ್ಲೈವುಡ್ ಅಂಗಡಿಯ ಕೌಂಟರಿನಲ್ಲಿ, ಇಪ್ಪತ್ತೆರಡು ವರ್ಷದಿಂದ. ಬಡಗಿಗಳು, ಮನೆ ಕಟ್ಟಿಸುವವರು ಹಲಗೆಯ ಅಂಚಿನದೊಂದು, ಮೈಯದೊಂದು ಫೋಟೋ ತೆಗೆದು ನನ್ನ ಮೊಬೈಲಿಗೆ ಕಳಿಸುತ್ತಾರೆ. ಯಾವ ಕಂಪನಿ, ಯಾವ ಗ್ರೇಡು, ಅಡುಗೆಮನೆಗೆ ಆಗುತ್ತದೋ ಇಲ್ಲವೋ ನಾನು ಹೇಳಬೇಕು. ಹೇಳುತ್ತೇನೆ. ನನಗೆ ಜಂಬ ಇದೆ ಅನ್ನುತ್ತಾರೆ. ಇರಲಿ, ಕೆಲಸ ಗೊತ್ತಿದ್ದವರಿಗೆ ಸ್ವಲ್ಪ ಇರಬೇಕು.

ಇದರಲ್ಲಿ ಮಾಯಾಮಂತ್ರ ಏನಿಲ್ಲ. ಪ್ಲೈವುಡ್ ಎಂದರೆ ತೆಳು ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ್ದು. ಅದರ ಹಣೆಬರಹವೆಲ್ಲ ಅಂಟಿನಲ್ಲಿ. ಅಗ್ಗದ ಅಂಟಿನ ಹಲಗೆಗೆ ಕಮರ್ಷಿಯಲ್ ಅನ್ನುತ್ತಾರೆ. ಬೀರು, ಪುಸ್ತಕದ ಕಪಾಟು ಇವಕ್ಕೆ ಸಾಕು. ಸಿಂಕಿನ ಕೆಳಗೆ ಮಾತ್ರ ಕುದಿಯುವ ನೀರಿಗೂ ಬಿಡದ ಅಂಟಿನ ವಾಟರ್‌ಪ್ರೂಫ್ ಹಲಗೆಯೇ ಬೇಕು. ಯಾವುದು ಯಾವುದೆಂದು ಅಂಚಿನ ಮುದ್ರೆ ಹೇಳುತ್ತದೆ: ಕಂಪನಿಯ ಗುರುತು, ಗ್ರೇಡಿನ ಅಕ್ಷರ, ದಪ್ಪ, ಲಾಟ್ ಸಂಖ್ಯೆ. ಆದರೆ ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು. ಆದ್ದರಿಂದ ಒಂದು ಮೂಲೆ ಕೊಯ್ದು, ಕೊಯ್ದ ಜಾಗ ನೋಡಬೇಕು. ಪದರ ಎಷ್ಟು, ನಡುವೆ ಸಂದು ಇದೆಯೇ, ಅಂಟಿನ ಗೆರೆ ಒಳ್ಳೆಯ ಅಂಟಿನ ಹಾಗೆ ಕಪ್ಪಗಿದೆಯೋ ಪೇಲವವೋ. ಈ ಪಾಠವನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹಿರಿಯ ಹೆಂಗಸು ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಿಯಾದವರಂತೆ. ಹೇಳದಿದ್ದರೂ ಗೊತ್ತಾಗುತ್ತಿತ್ತು, ಸ್ಟೂಲಿನ ಮೇಲೆ ಕೂರುವ ಮೊದಲು ಅದರ ಧೂಳನ್ನು ನನಗೆ ತೋರಿಸಿ ಒರೆಸಿದರು.

"ಫೋಟೋ ಅಕ್ಕ ಅಂದ್ರೆ ನೀವೇನಾ?"

"ಹೂಂ, ನಾನೇ. ಏನಾಗಬೇಕಿತ್ತು?"

"ಎರಡು ವರ್ಷದ ಹಿಂದೆ ಅಡುಗೆಮನೆ ಮಾಡಿಸಿದೆ. ಪೂರ್ತಿ ವಾಟರ್‌ಪ್ರೂಫ್ ಹಲಗೆ ಅಂತ ಬಡಗಿ ಹೇಳಿದ್ದ. ಈಗ ನೋಡಿ."

ಮೊಬೈಲ್ ನನ್ನ ಮುಂದಿಟ್ಟರು. ಸಿಂಕಿನ ಕೆಳಗಿನ ಕಪಾಟಿನ ತಳ ಊದಿ ಹಪ್ಪಳದ ಹಾಗೆ ಎದ್ದಿತ್ತು. ಮುಂದಿನ ಅಂಚಿನ ಪಟ್ಟಿ ಬಿಟ್ಟುಕೊಂಡು ಪದರಗಳು ಬಾಯಿ ತೆರೆದಿದ್ದವು. ಇನ್ನೊಂದು ಫೋಟೋದಲ್ಲಿ, ಆಗ ಉಳಿದಿದ್ದ, ಹಲಗೆಯ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆಯ ತುಂಡಿನ ಬೆನ್ನು: ಕಂಪನಿಯ ಹೆಸರು, ದಪ್ಪ ಒಂದು ಮಿಲಿಮೀಟರ್, ಬ್ಯಾಚ್ ಸಂಖ್ಯೆ ಸಾಲಾಗಿ ಅಚ್ಚಾಗಿದ್ದವು.

"ಲ್ಯಾಮಿನೇಟ್ ಒಳ್ಳೇದೇ ಹಾಕಿದಾನೆ. ತಕರಾರಿಲ್ಲ," ಎಂದೆ. "ಹಲಗೆ ತುಂಡು ತಂದಿದೀರಾ?"

ಕೊಳಾಯಿ ರಿಪೇರಿಯವನಿಂದ ಆ ತಳದ ಹಿಂಭಾಗದಲ್ಲಿ ಒಂದು ಗೇಣು ಕೊಯ್ಯಿಸಿಕೊಂಡು ಬಂದಿದ್ದರು. ಕೊಯ್ದ ಬದಿಯನ್ನು ಬೆಳಕಿಗೆ ಹಿಡಿದೆ. ಹದಿನೆಂಟು ಮಿಲಿಮೀಟರ್ ದಪ್ಪಕ್ಕೆ ಒಂಬತ್ತೇ ಪದರ. ನಡುವೆ ಬೆರಳಿನ ಉಗುರು ತೂರುವಷ್ಟು ಸಂದು. ಅಂಟಿನ ಗೆರೆ ಗಂಜಿಯ ಬಣ್ಣ. ಒಂದು ಚೂರು ಮುರಿದು, ನಾವು ಟೀ ಕಾಯಿಸುವ ಪಾತ್ರೆಯಲ್ಲಿ ನೀರು ಹಾಕಿ ಸ್ಟವ್ ಮೇಲಿಟ್ಟೆ. ಸರಿಯಾದ ಪರೀಕ್ಷೆಗೆ ಮೂರು ದಿನ ಕುದಿಸಬೇಕು. ಕೆಟ್ಟ ಅಂಟಾದರೆ ಅಷ್ಟು ಹೊತ್ತು ಕಾಯಿಸುವುದಿಲ್ಲ. ಅಂಗಡಿಯ ಯಜಮಾನರು ಟೀ ಹೋಯಿತಲ್ಲ ಎಂದು ಮುಖ ಸಣ್ಣದು ಮಾಡಿದರು. ಹೆಡ್‌ಮಿಸ್ಟ್ರೆಸ್ ಮೇಡಂ ಚೀಲದಿಂದ ದಿನಪತ್ರಿಕೆ ತೆಗೆದು ಪದಬಂಧ ಬಿಡಿಸುತ್ತಾ ಕೂತರು. ಒಂದು ಗಂಟೆ ದಾಟಿದ ಮೇಲೆ ಇಕ್ಕಳದಿಂದ ಎತ್ತಿದರೆ ಪದರಗಳು ಈರುಳ್ಳಿ ಸಿಪ್ಪೆಯ ಹಾಗೆ ಒಂದೊಂದೇ ಬಿಟ್ಟುಕೊಂಡು ಬಂದವು.

"ಕಮರ್ಷಿಯಲ್ಲು, ಅದರಲ್ಲೂ ಕಡೇ ದರ್ಜೇದು," ಎಂದೆ. "ಅಡುಗೆಮನೆ ಕಡೆ ಮುಖ ಹಾಕೋ ಯೋಗ್ಯತೆ ಇಲ್ಲ ಇದಕ್ಕೆ. ನಿಮ್ಮ ಬಡಗಿ ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ ಮೇಡಂ."

"ಹಾಗಂತ ಅಂಗಡಿ ಕಾಗದದ ಮೇಲೆ ಬರೆದು ಕೊಡ್ತೀರಾ? ನಮ್ಮ ವಸತಿ ಸಂಘದಲ್ಲಿ ಆರು ಕಟ್ಟಡ ಇದೆ. ಪಟ್ಟಿಯಲ್ಲಿ ಹೆಸರಿರೋ ಬಡಗಿಗಳಿಗೆ ಮಾತ್ರ ಒಳಗೆ ಕೆಲಸ. ಇವನು ಒಂಬತ್ತು ವರ್ಷದಿಂದ ಇದಾನೆ, ಬೇರೆ ಕಡೆ ಕೆಲಸಾನೇ ಹಿಡಿಯಲ್ಲ. ಇವತ್ತು ಸಂಜೆ ಸಭೆಯಲ್ಲಿ ಅವನ ಹೆಸರು ತೆಗೆಸ್ತೀನಿ."

"ಅದಕ್ಕೇನಂತೆ. ಇಂಥೋರಿಗೆ ಹಾಗೇ ಆಗಬೇಕು."

ಪೆನ್ನು ತೆಗೆದುಕೊಂಡೆ. ಕಂಪನಿಯ ಹೆಸರನ್ನೂ ಬರೆಯಬೇಕಲ್ಲ, ಮುದ್ರೆ ಏನಾದರೂ ಉಳಿದಿದೆಯೇ ನೋಡೋಣವೆಂದು ತುಂಡನ್ನು ತಿರುಗಿಸಿದೆ. ಗೋಡೆಗೆ ತಾಗಿಕೊಂಡಿದ್ದ ಹಿಂದಿನ ಅಂಚದು. ಕಾರ್ಖಾನೆಯ ಹಸಿರು ಬಣ್ಣ ಹಾಗೇ ಇತ್ತು. ಬಣ್ಣದ ಮೇಲೆ ಹೆಸರುವಾಸಿ ಕಂಪನಿಯೊಂದರ ಗುರುತು, ಒಂಟಿ ಕಾಲಿನ ಕೊಕ್ಕರೆ, ಪಕ್ಕದಲ್ಲಿ ವಾಟರ್‌ಪ್ರೂಫ್ ಗ್ರೇಡಿನ ಅಕ್ಷರ. ಮುದ್ರೆಯೇನೋ ಅಚ್ಚುಕಟ್ಟಾಗಿತ್ತು. ಅದರ ಪಕ್ಕದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದೆ. ಪೆನ್ಸಿಲಿನಲ್ಲಿ ಬರೆದ ಒಂದು ಪುಟ್ಟ ಛತ್ರಿ, ಅದರ ಕೆಳಗೆ ಏಳರ ಅಂಕಿ.

ನಮ್ಮಪ್ಪ ಬಡಗಿ. ಪ್ರತಿ ಹಲಗೆಯ ಹಿಂದಿನ ಅಂಚಿನಲ್ಲಿ, ಯಾವ ಬದಿ ಮೇಲೆ ಬರಬೇಕೆಂದು ಛತ್ರಿ ಬರೆದು, ಕೆಳಗೆ ತುಂಡಿನ ಸಂಖ್ಯೆ ಹಾಕುತ್ತಿದ್ದ. ಬೇರೆಯವರೆಲ್ಲ ಬಾಣದ ಗುರುತು ಹಾಕುತ್ತಾರೆ. ಛತ್ರಿ ಬರೆಯುವವನು ಈಗ ಈ ಊರಿನಲ್ಲಿ ಒಬ್ಬನೇ ಇದ್ದಾನೆ, ನನ್ನ ತಮ್ಮ.

ಮೊದಲು ಬಂದದ್ದು ಸಿಟ್ಟು, ಅವನ ಮೇಲೆ. ಅಪ್ಪನ ಗುರುತು ಹಾಕಿ ಇಂಥ ಹಲಗೆ ಕೂರಿಸಿದನಲ್ಲ, ಮಾನಗೆಟ್ಟವನು ಎಂದುಕೊಂಡೆ. ಆಮೇಲೆ, ಈ ಕೊಕ್ಕರೆಯ ಫೋಟೋವನ್ನು ಅವನೇ ಒಮ್ಮೆ ನನಗೆ ಕಳಿಸಿದ್ದು ನೆನಪಾಯಿತು.

"ಎರಡು ನಿಮಿಷ ಮೇಡಂ," ಎಂದು ಮೊಬೈಲಿನಲ್ಲಿ ತಮ್ಮನ ಜೊತೆಗಿನ ಹಳೆಯ ಮಾತುಗಳನ್ನು ಹಿಂದಕ್ಕೆ ಸರಿಸುತ್ತಾ ಹೋದೆ. ಅವನದು ಮಾತು ಕಡಿಮೆ, ಹಾಗಾಗಿ ಎರಡು ವರ್ಷ ಹಿಂದಕ್ಕೆ ಹೋಗಲು ಬಹಳ ಹೊತ್ತು ಬೇಕಾಗಲಿಲ್ಲ. ಎರಡು ಫೋಟೋ ಸಿಕ್ಕವು. ಒಂದರಲ್ಲಿ ಹಸಿರು ಅಂಚು, ಕೊಕ್ಕರೆ ಮುದ್ರೆ. ಇನ್ನೊಂದರಲ್ಲಿ ಹಲಗೆಯ ಕೆಂಪು ನುಣುಪು ಮೈ. ಅದರ ಮೇಲೂ ಕೊಕ್ಕರೆ, ಆದರೆ ಗ್ರೇಡಿನ ಸಾಲು ಇರಬೇಕಾದ ಜಾಗ ಫೋಟೋದಿಂದ ಹೊರಗುಳಿದಿತ್ತು. ಆ ವಾರ ನಮ್ಮ ಅಂಗಡಿಯಲ್ಲಿ ಹದಿನೆಂಟರ ಹಲಗೆ ಮುಗಿದು ಅವನು ಬೇರೆ ಕಡೆ ನೋಡಿದ್ದ. ಕೆಳಗೆ ಅವನ ಪ್ರಶ್ನೆ: 'ಅಕ್ಕ, ಇದು ಸರಿ ಇದೆಯಾ? ಸಿಂಕಿನ ಕೆಳಗೆ ಹಾಕೋದು.' ನನ್ನ ಉತ್ತರ ಒಂದೇ ಪದ: 'ಹಾಕು.' ಮತ್ತೆ ಅವನು: 'ಒಂದು ಮೂಲೆ ಕೊಯ್ದು ಒಳಗಿನ ಫೋಟೋ ಕಳಿಸ್ಲಾ?' ಅದರ ಕೆಳಗೆ ನಾನು ಕಳಿಸಿದ ಧ್ವನಿ ಸಂದೇಶ, ಹತ್ತು ಸೆಕೆಂಡಿನದು.

ಏನು ಹೇಳಿದ್ದೆನೆಂದು ಕೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ. ಆ ದಿನ ಕೌಂಟರಿನ ಮುಂದೆ ಏಳೆಂಟು ಗಿರಾಕಿಗಳಿದ್ದರು. ಅವರೆದುರು ಹೇಳುವುದೇ ಒಂದು ಗತ್ತಾಗಿತ್ತು. ಹಸಿರು ಬಣ್ಣ ಪದರಗಳನ್ನೂ ಅಂಟಿನ ಗೆರೆಯನ್ನೂ ಮುಚ್ಚಿರುವುದು ನನಗೆ ಕಾಣಲಿಲ್ಲವೆಂದಲ್ಲ. ಕೊಕ್ಕರೆ ಕಂಡಿತು, ಉಳಿದದ್ದನ್ನು ನೋಡಬೇಕೆನ್ನಿಸಲಿಲ್ಲ.

ಮೇಡಂ ಕಾಯುತ್ತಿದ್ದರು. ಮೊದಲು ಹೊಳೆದ ಉಪಾಯ ಯಾವುದೆಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು. ಹಲಗೆ ಕೆಟ್ಟದ್ದು ಎಂದಷ್ಟೇ ಬರೆದು ಕೊಟ್ಟು ಸುಮ್ಮನಾಗುವುದು. ಅದು ಸುಳ್ಳೇನಲ್ಲ. ತಮ್ಮ ಬಾಯಿ ಬಿಡುವವನೂ ಅಲ್ಲ. ನನ್ನ ಹೆಸರು ಕೆಡದೆ ಉಳಿಯುತ್ತಿತ್ತು.

ಯಜಮಾನರು ಇದ್ದರು, ಮೊಳೆ ಕೊಳ್ಳಲು ಬಂದ ಇಬ್ಬರು ಬಡಗಿಗಳೂ ಇದ್ದರು. ಮೊಬೈಲನ್ನು ಕೌಂಟರಿನ ಮೇಲಿಟ್ಟು ಧ್ವನಿ ಪೂರ್ತಿ ಏರಿಸಿ ಒತ್ತಿದೆ.

"ಕೊಕ್ಕರೆ ಕಣೋ ಅದು, ನಾನೇನು ನಿನ್ನೆ ಮೊನ್ನೆ ಬಂದವಳಾ? ಒಳ್ಳೇ ಹಲಗೆ ಮೂಲೆ ಯಾಕೋ ಹಾಳು ಮಾಡ್ತೀಯ. ಕಣ್ಣು ಮುಚ್ಕೊಂಡು ಹಾಕು."

ನನ್ನದೇ ದನಿ, ಹಿಂದೆ ಗಿರಾಕಿಗಳ ನಗು. ಮೊಳೆಯವರಲ್ಲಿ ಒಬ್ಬ ಕೆಮ್ಮಿದ. ಯಜಮಾನರು ಪಾತ್ರೆ ತೊಳೆಯಲು ಒಳಗೆ ಹೋದರು. ಅವರು ಪಾತ್ರೆ ತೊಳೆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ನಿಮ್ಮ ಬಡಗಿ ನನ್ನ ತಮ್ಮ," ಎಂದೆ. "ಕೊಯ್ದು ನೋಡೋಣ ಅಂದ. ಬೇಡ ಅಂದೋಳು ನಾನು."

ಕಾಗದದ ಮೇಲೆ ಎರಡನ್ನೂ ಬರೆದೆ. ಹಲಗೆ ಕಮರ್ಷಿಯಲ್, ಮುದ್ರೆ ನಕಲಿ. ಬಡಗಿ ಹಾಕುವ ಮುಂಚೆ ಕೇಳಿದ್ದ, ಫೋಟೋ ನೋಡಿ ಸರಿ ಎಂದವಳು ನಾನು. ಕೆಳಗೆ ರುಜು ಹಾಕಿದೆ.

ಮೇಡಂ ಕನ್ನಡಕ ಏರಿಸಿ ಎರಡು ಸಲ ಓದಿದರು. ಮಡಚಿ ಚೀಲಕ್ಕೆ ಹಾಕಿಕೊಂಡರು.

"ಸಂಜೆ ಸಭೆಯಲ್ಲಿ ಇದನ್ನೇ ಓದ್ತೀನಿ. ಅವನ ಹೆಸರು ತೆಗೆಯಲ್ಲ," ಎಂದರು. "ಹಲಗೆ ಮಾತ್ರ ಬದಲಾಯಿಸಬೇಕು."

"ಬದಲಾಯಿಸ್ತೀವಿ."

ಎದ್ದವರು ಬಾಗಿಲ ಹತ್ತಿರ ನಿಂತರು. "ಕಳೆದ ಶುಕ್ರವಾರ ಅವನನ್ನ ಕರೆಸಿದ್ದೆ. ಇದು ಒಳ್ಳೇ ಹಲಗೆ ಅಂತ ನಿನಗೆ ಯಾರಪ್ಪ ಹೇಳಿದ್ದು ಅಂತ ಮೂರು ಸಲ ಕೇಳಿದೆ. ಯಾರೂ ಇಲ್ಲ ಮೇಡಂ, ನಾನೇ ನೋಡಿ ತಂದಿದ್ದು ಅಂದ. ಮೂರು ಸಲವೂ ಅದೇ."

ಅವರು ಹೋದರು. ನಾನು ಲೆಕ್ಕ ಹಾಕಿದೆ. ಶುಕ್ರವಾರ. ಅದಾದ ಮೇಲೆ ಭಾನುವಾರ ತಮ್ಮ ನಮ್ಮ ಮನೆಗೆ ಬಂದಿದ್ದ. ನನ್ನ ಅಡುಗೆಮನೆಯ ಡ್ರಾಯರು ಸಿಕ್ಕಿಕೊಳ್ಳುತ್ತದೆಂದು ತಿಂಗಳಿಂದ ಬೈಯುತ್ತಿದ್ದೆ. ಅದನ್ನು ಬಿಚ್ಚಿ, ಸರಿ ಮಾಡಿ, ಊಟ ಮಾಡಿ ಹೋಗಿದ್ದ. ಏನೋ ಮೂಗನ ಹಾಗೆ ಕೂತಿದೀಯ ಎಂದು ಹಂಗಿಸಿದ್ದೆ ಕೂಡ. ಅವನು ನಕ್ಕು ಸ್ಕ್ರೂ ತಿರುಗಿಸಿದ್ದ.

ಫೋನು ಮಾಡಿದೆ. ಹಿಂದೆ ಮರ ಹೆರೆಯುವ ರಂದಾ ಮಷೀನಿನ ಸದ್ದು, ಆಮೇಲೆ ಅದು ನಿಂತಿತು.

"ಹೇಳಕ್ಕ. ಡ್ರಾಯರ್ ಸರಿಯಾಗಿ ಓಡ್ತಾ ಇದೆಯಾ?"

ಓಡುತ್ತಿದೆ ಎನ್ನಲು ಬಾಯಿ ತೆರೆದೆ, ಅಳು ಬಂತು. ಮೊಳೆಯವರು ಇನ್ನೂ ಅಲ್ಲೇ ನಿಂತಿದ್ದರು. ನೋಡಿದರೆ ನೋಡಲಿ ಎಂದು ಅತ್ತೆ.