ಚೊಕ್ಕಗೊಂಡ ಬೆದರಿಕೆ

ನಾಟಕಮಂದಿರದ ನಿರ್ದೇಶಕ ಗೆನಾದಿಯೆವ್ ಕಳಿಸಿದ ಇಮೇಲ್‌ನಲ್ಲಿ ಅವನು ಬರೆದದ್ದು ಎರಡೇ ಪದ: ‘ಚೊಕ್ಕ ಮಾಡಿ.’ ಜೊತೆಗೆ, ರಂಗದ ಮೇಲಿನ ದೀಪದ ಹಗ್ಗ ಹರಿದದ್ದಕ್ಕೆ ದೀಪದ ಕೆಲಸಗಾರ ವೆಲ್ಕೋನನ್ನು ವಿಚಾರಿಸಿದ ಸಭೆಯ ಮಾತನ್ನು ಯಂತ್ರ ಕೇಳಿ ಬರೆದಿದ್ದ ಇಪ್ಪತ್ತೆಂಟು ಪುಟ.

ಕಾರ್ಯದರ್ಶಿ ರಾದೊಸ್ತಿನಾಗೆ ಮೈ ಉರಿಯಿತು. ಏನು ಮಾಡಬೇಕಂತೆ? ನಡಾವಳಿಯಾದರೆ ತೀರ್ಮಾನ, ಮತ ಮಾತ್ರ ಉಳಿದು ಕೂಗಾಟವೆಲ್ಲ ಮಾಯ. ಸಾರಾಂಶದಲ್ಲೂ ಹೆಚ್ಚುಕಡಿಮೆ ಅದೇ ಗತಿ. ತಿದ್ದಿದ ಪ್ರತಿಯಾದರೆ ಯಾರು ಏನೆಂದರೋ ಅದು ಹಾಗೇ ನಿಲ್ಲಬೇಕು.

ಅವಳು ಫೋನ್ ಮಾಡಿ, “ಇದು ಯಾತಕ್ಕೆ ಬೇಕು, ಸಾರ್?” ಎಂದಳು.

“ನಿನಗ್ಯಾಕೆ ಆ ಉಸಾಬರಿ? ಹೇಳಿದ್ದಷ್ಟು ಮಾಡು!” ಎಂದು ಅವನು ಫೋನ್ ಕುಕ್ಕಿದ.

ಅವಳು ಇಮೇಲನ್ನು ಕೆಳಗೆ ಸರಿಸಿದಳು. ಅಡಿಯಲ್ಲಿ ವೆಲ್ಕೋನ ವಕೀಲನ ಪತ್ರವಿತ್ತು: ಸಭೆಯ ಪ್ರತಿ ಕೊಡಿ; ಯಾರು ಏನು ಹೇಳಿದರೋ, ಅವರವರ ಮಾತಿನಲ್ಲೇ, ಓದುವಂತಿರಲಿ. ನಿರ್ದೇಶಕ ಪುಣ್ಯಾತ್ಮ ಅದನ್ನು ಓದದೆಯೇ ಅವಳಿಗೆ ದಾಟಿಸಿದ್ದ.

ಅವಳು ಸಭೆಯ ಧ್ವನಿಮುದ್ರಣ ಕೇಳುತ್ತಾ ತಪ್ಪು ಹೆಸರುಗಳನ್ನು ತಿದ್ದಿದಳು, ತಡವರಿಕೆ ತೆಗೆದಳು. ಅರ್ಥವನ್ನು ಮುಟ್ಟಲಿಲ್ಲ. ‘ತಿದ್ದಿದ ಪ್ರತಿ’ ಎಂದು ಮೇಲೆ ಬರೆದು, ಗೆನಾದಿಯೆವ್‌ಗೂ ವಕೀಲನಿಗೂ ಕಳಿಸಿದಳು.

ಅರ್ಧ ಗಂಟೆಯಲ್ಲೇ ಗೆನಾದಿಯೆವ್ ಕೋಣೆಗೆ ನುಗ್ಗಿದ. “ಹನ್ನೊಂದನೇ ಪುಟದಲ್ಲಿ ನನ್ನ ಮಾತು ಹಾಗೇ ಇದೆಯಲ್ಲೇ! ಚೊಕ್ಕ ಮಾಡು ಅಂದಿರಲಿಲ್ವಾ?”

“ಮಾಡಿದೀನಿ, ಸಾರ್,” ಎಂದಳು ರಾದೊಸ್ತಿನಾ. “ನೀವು ವೆಲ್ಕೋಗೆ ಹೇಳುವಾಗ ಅಂ, ಅಂ ಅಂತ ನಾಲ್ಕು ಸಲ ತಡವರಿಸಿದ್ರಿ. ಈಗ ಒಂದೇ ಉಸಿರಲ್ಲಿ ಓದಬಹುದು: ‘ಹಗ್ಗ ಹರಿದ ವಿಷಯ ಹೊರಗೆ ಬಿಟ್ಟರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ.’”