ಸಿಗರೇಟು ತುದಿಗಳ ಐದು ಚೀಲ

ಗಬ್ಬೂರಿನ ಕಸದ ಶೆಡ್ಡಿನಲ್ಲಿ ಕೆಲಸಕ್ಕಿದ್ದವರು ಇಬ್ಬರೇ: ಕನಕಮ್ಮ ಮತ್ತು ಅವಳಿಗಿಂತ ಹಿರಿಯಳಾದ ಜಂಬಮ್ಮ. ಬಸ್‌ಸ್ಟ್ಯಾಂಡು, ಚಹಾದಂಗಡಿಗಳ ಮುಂದೆ ಗುಡಿಸಿದ ಕಸ ತಂದು ವಿಂಗಡಿಸುತ್ತಿದ್ದರು.

ಹೋದ ವರ್ಷ ಕಿರಣಕುಮಾರ ಎಂಬವನು ರಾಯಚೂರಿನಿಂದ ಬಂದಿದ್ದ. ಯಾವುದೋ ಕಂಪನಿಯ ಕಡೆಯವನು. "ಸಿಗರೇಟಿನ ತುದಿ ಹತ್ತಿ ಅಲ್ರೀ, ಪ್ಲಾಸ್ಟಿಕ್. ಸೇದಿದ ವಿಷ ಅದರಾಗ ಕೂತಿರ್ತದ. ಬ್ಯಾರೆ ಕೂಡಿಡ್ರಿ, ನಾವು ಒಯ್ತೀವಿ" ಎಂದಿದ್ದ. ಅಂದಿನಿಂದ ಇಬ್ಬರೂ ಒಂದೊಂದೇ ಆರಿಸಿ ಐದು ಚೀಲ ತುಂಬಿದರು. ಒಳಗೆ ಜಾಗವಿಲ್ಲದೆ ಚೀಲಗಳನ್ನು ಹಿಂದಿನ ಗೋಡೆಗೆ ಒರಗಿಸಿದ್ದರು. ಫೋನು ಮಾಡಿದಾಗಲೆಲ್ಲ ಕಿರಣಕುಮಾರ "ಮುಂದಿನ ವಾರ" ಎನ್ನುತ್ತಿದ್ದ.

ಜೂನಿನಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಕುರಿ ಹೊಡೆದುಕೊಂಡು ಬಂದ ಸಿದ್ದರಾಮಪ್ಪ ಶೆಡ್ಡಿನ ಹಿಂದಿನಿಂದ ಕೂಗಿದ.

"ಕನಕಮ್ಮಾ, ಇಲ್ಲಿ ಬಾರಬೇ! ಮೀನೆಲ್ಲಾ ಸತ್ತಾವು!"

ಅಲ್ಲಿ ನೆಲಮಟ್ಟದ ಸಿಮೆಂಟು ತೊಟ್ಟಿಯಿತ್ತು. ಸೊಳ್ಳೆಮರಿ ತಿನ್ನಲೆಂದು ಆಶಾ ಕಾರ್ಯಕರ್ತೆ ಅದರಲ್ಲಿ ಗಪ್ಪಿ ಮೀನು ಬಿಟ್ಟಿದ್ದಳು. ಈಗ ಅವೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೆನೆದ ಚೀಲಗಳ ಬುಡದಿಂದ ಕಂದು ನೀರು ಜಿನುಗಿ ನೇರ ತೊಟ್ಟಿಗೆ ಇಳಿದಿತ್ತು. ತಂಬಾಕಿನ ಕಮಟು ಮೂಗಿಗೆ ಬಡಿಯಿತು.

ಸಿದ್ದರಾಮಪ್ಪ ಕೋಲು ಅಡ್ಡ ಹಿಡಿದು, ನೀರು ಕುಡಿಯಲು ಬಂದ ಕುರಿಗಳನ್ನು ತಡೆದ. "ಈ ನೀರು ಚೆಲ್ಲಬೇಕಲ್ಲ?"

"ಎಲ್ಲಿ ಚೆಲ್ಲಲಿ ಯಪ್ಪಾ?" ಎಂದಳು ಕನಕಮ್ಮ. ಪಕ್ಕದಲ್ಲಿ ಹಳ್ಳ. ಈಚೆ ಹೊಲ.

ಅವಳು ಕಿರಣಕುಮಾರನಿಗೆ ಫೋನು ಹಚ್ಚಿದಳು.

"ಕಂಪನಿಯವ್ರು ಈ ಕೆಲ್ಸಾನೇ ಬಿಟ್ಟಾರ್ರೀ. ನಾನೂ ಈಗ ಅಲ್ಲಿಲ್ಲ," ಎಂದ ಅವನು. ದನಿ ಸಣ್ಣದಾಗಿತ್ತು. "ಏನ್ ಹೇಳ್ಬೇಕು ನನಗೂ ತಿಳೀವಲ್ದು. ಸದ್ಯಕ್ಕ ಹೂಳಿಬಿಡ್ರಿ."

ಜಂಬಮ್ಮ ಸಲಿಕೆ ತಂದು ಶೆಡ್ಡಿನ ಬದಿಯಲ್ಲಿ ಅಗೆಯತೊಡಗಿದಳು. ಮೊಣಕಾಲುದ್ದ ಇಳಿಯುವಷ್ಟರಲ್ಲಿ, ವಿಂಗಡಿಸುವುದು ಶುರುವಾಗುವ ಮೊದಲು ಮುಚ್ಚಿದ್ದ ಕಸ ಸಿಕ್ಕಿತು. ಸೊಪ್ಪು, ಎಂಜಲು, ಕಾಗದ ಎಲ್ಲ ಮಣ್ಣಾಗಿದ್ದವು. ಸಿಗರೇಟಿನ ತುದಿಗಳು ಮಾತ್ರ ಹಾಗೇ ಇದ್ದವು. ಒಂದನ್ನು ಬೆರಳಲ್ಲಿ ಉಜ್ಜಿದರೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತೇ ಹೊರತು ಕರಗಲಿಲ್ಲ.

"ಮೂರು ವರ್ಷಾತಲ್ಲೇ ಇವನ್ನ ಹೂಳಿ," ಎಂದು ಜಂಬಮ್ಮ ಸಲಿಕೆ ಬಿಟ್ಟು ಕುಳಿತಳು.

ಹೂಳುವ ಮಾತು ಅಲ್ಲಿಗೇ ನಿಂತಿತು. ಸುಟ್ಟರೆ ಆ ಹೊಗೆಯಲ್ಲಿ ತಾವೇ ನಿಲ್ಲಬೇಕು. ಮೋಡ ಮತ್ತೆ ಕಟ್ಟುತ್ತಿತ್ತು. ಇಬ್ಬರೂ ಸೋರುವ ಚೀಲಗಳನ್ನು ಎಳೆದು, ತಾವು ಊಟಕ್ಕೆ ಕೂರುತ್ತಿದ್ದ ಕೋಣೆಯೊಳಗೆ ಜೋಡಿಸಿದರು. ತೊಟ್ಟಿಯ ಮೇಲೆ ಹಳೆಯ ತಗಡು ಮುಚ್ಚಿ ಕಲ್ಲಿಟ್ಟರು. ಸಿದ್ದರಾಮಪ್ಪ ಕುರಿಗಳನ್ನು ಹಳ್ಳದ ಕಡೆಗೇ ಹೊಡೆದುಕೊಂಡು ಹೋದ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಜಂಬಮ್ಮ ಎಷ್ಟು ತೊಳೆದರೂ ಕೈಯ ವಾಸನೆ ಹೋಗಲಿಲ್ಲವೆಂದಳು. ಕನಕಮ್ಮ ಬುತ್ತಿಯ ಬಟ್ಟೆಯಲ್ಲೇ ಹಿಡಿದು ರೊಟ್ಟಿ ಮುರಿದು ಅವಳ ಬಾಯಿಗೆ ಕೊಟ್ಟಳು.